ವೆಂಡರ್ ಸೇರಿಸೋ ಎಸ್‌ಒಪಿ: ಆ ಒಂದು ರೂಪಾಯಿ ಯಾಕೆ ಕಳಿಸಬೇಕು?

ಇವತ್ತಿನ ವಿಷಯ ಕೇಳೋಕೆ ಸ್ವಲ್ಪ ಒಣ ಅನ್ನಿಸುತ್ತೆ. ಆದ್ರೆ ನೀವು ಅಕೌಂಟ್ಸ್ ಅಥವಾ ಖರೀದಿ ವಿಭಾಗದಲ್ಲಿ ಹೊಸದಾಗಿ ಸೇರಿದ್ರೆ, ಮೊದಲ ತಿಂಗಳಲ್ಲೇ ಯಾರಾದ್ರೂ ಬಂದು "ಈ ಹೊಸ ವೆಂಡರ್‌ನ ಸಿಸ್ಟಮ್‌ಗೆ ಹಾಕು" ಅಂತಾರೆ. ಹೇಗೆ ಅಂತ ಕೇಳಿದ್ರೆ, "ಡಾಕ್ಯುಮೆಂಟ್ಸ್ ನೋಡಿ ಹಾಕು, ಅಷ್ಟೇ" ಅನ್ನೋ ಉತ್ತರ. ಆ 'ನೋಡಿ' ಅನ್ನೋ ಪದದಲ್ಲೇ ಎಲ್ಲಾ ತೊಂದರೆ ಇರೋದು.

ಬಿ.ಕಾಂ.ನಲ್ಲಿ ನಮಗೆ ಇಂಟರ್ನಲ್ ಕಂಟ್ರೋಲ್ ಬಗ್ಗೆ ಇಡೀ ಒಂದು ಅಧ್ಯಾಯ ಇತ್ತು. ಆದ್ರೆ ಒಂದು ಹೆಜ್ಜೆಯನ್ನು ವಾಕ್ಯವಾಗಿ ಬರೆಯೋದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ. ಹಾಗಾಗಿ ಒಂದು ಉದಾಹರಣೆ ಹಾಕ್ಕೊಳ್ಳೋಣ. ಬೆಂಗಳೂರಲ್ಲಿ ಚಕ್ಕುಲಿ, ಕೋಡುಬಳೆ ಪ್ಯಾಕ್ ಮಾಡಿ ಮಾರೋ ಒಂದು ಸಣ್ಣ ಕಂಪನಿ. ಅವರಿಗೆ ರಟ್ಟಿನ ಪೆಟ್ಟಿಗೆ ಕೊಡೋಕೆ ಹೊಸ ಸಪ್ಲೈಯರ್ ಒಬ್ಬರು ಬಂದಿದ್ದಾರೆ. ಸ್ವಂತ ಯಂತ್ರ ಇಟ್ಟುಕೊಂಡಿರೋ ಒಬ್ಬರೇ ಯಜಮಾನರು, ಬೇರೆ ಪಾರ್ಟ್ನರ್ ಯಾರೂ ಇಲ್ಲ. ಮೊದಲ ಬಿಲ್ಲು 1,80,000 ರೂಪಾಯಿ.

ಈ ಕೆಲಸಕ್ಕೆ ನಾನು ಬರೆಯೋ ಎಸ್‌ಒಪಿ ಹೀಗಿರುತ್ತೆ:

1. ಖರೀದಿ ವಿಭಾಗ: ವೆಂಡರ್ ಫಾರ್ಮ್, ಪ್ಯಾನ್ ಪ್ರತಿ, ಜಿಎಸ್‌ಟಿ ಸರ್ಟಿಫಿಕೇಟ್, ಕ್ಯಾನ್ಸಲ್ ಮಾಡಿದ ಚೆಕ್ಕು ತರಿಸಿ. ಉದ್ಯಮ್ ನೋಂದಣಿ ಇದ್ದರೆ ಅದರ ಸರ್ಟಿಫಿಕೇಟ್ ಕೂಡ. ಜಿಎಸ್‌ಟಿ ನೋಂದಣಿ ಇಲ್ಲ ಅಂದರೆ, ಇಲ್ಲ ಅಂತ ಸಹಿ ಮಾಡಿದ ಪತ್ರ ಪಡೆಯಿರಿ.
2. ಅಕೌಂಟ್ಸ್: ಈ ಪ್ಯಾನ್ ಟ್ಯಾಲಿಯಲ್ಲಿ ಈಗಾಗಲೇ ಇದೆಯಾ ಹುಡುಕಿ. ಇದ್ದರೆ ಹೊಸ ಲೆಡ್ಜರ್ ತೆರೆಯಬೇಡಿ, ಮ್ಯಾನೇಜರ್‌ಗೆ ತಿಳಿಸಿ.
3. ಅಕೌಂಟ್ಸ್: gst.gov.in ನಲ್ಲಿ Search Taxpayer ತೆರೆದು ಜಿಎಸ್‌ಟಿ ನಂಬರ್ ಹಾಕಿ. Active ಅಂತ ಇರಬೇಕು. ನಂಬರಿನ 3ರಿಂದ 12ನೇ ಅಕ್ಷರದವರೆಗೆ ಪ್ಯಾನ್‌ಗೆ ಸರಿಹೊಂದಬೇಕು. ಸ್ಕ್ರೀನ್‌ಶಾಟ್ ಫೈಲಿಗೆ ಸೇರಿಸಿ.
4. ಅಕೌಂಟ್ಸ್: ಚೆಕ್ಕಿನಲ್ಲಿರುವ ಖಾತೆಗೆ 1 ರೂಪಾಯಿ ಕಳಿಸಿ ಖಾತೆ ಪರಿಶೀಲಿಸಿ. ಬ್ಯಾಂಕ್ ತೋರಿಸುವ ಖಾತೆದಾರರ ಹೆಸರನ್ನು ಬರೆದುಕೊಳ್ಳಿ.
5. ಅಕೌಂಟ್ಸ್: ವೆಂಡರ್‌ಗೆ ಫೋನ್ ಮಾಡಿ, ಖಾತೆಯ ಕೊನೆಯ 4 ಅಂಕಿಗಳನ್ನು ಅವರ ಬಾಯಿಂದಲೇ ಹೇಳಿಸಿ. ಖಾತೆ ವಿವರ ಬಂದ ಇಮೇಲ್ ಅಥವಾ ವಾಟ್ಸಾಪ್ ಮೆಸೇಜಿನಲ್ಲಿರುವ ನಂಬರಿಗೆ ಮಾಡಬೇಡಿ.
6. ಅಕೌಂಟ್ಸ್: ಲೆಡ್ಜರ್ ತೆರೆದು, ಪಾವತಿಯ ಗಡುವು ನಮೂದಿಸಿ.
7. ಮ್ಯಾನೇಜರ್: ಲೆಡ್ಜರಿನ ಖಾತೆ ನಂಬರನ್ನು ಚೆಕ್ಕಿನ ಜತೆ ಹೋಲಿಸಿ ಸಹಿ ಮಾಡಿ. ಸಹಿ ಆಗುವವರೆಗೆ ಪಾವತಿ ಇಲ್ಲ.

ಏಳೇ ಹೆಜ್ಜೆ. ಒಂದು ವಿಷಯ ಗಮನಿಸಿದ್ರಾ? ಪ್ರತಿ ಹೆಜ್ಜೆಯೂ ಮಾಡೋರು ಯಾರು ಅನ್ನೋದರಿಂದ ಶುರುವಾಗುತ್ತೆ. "ದಾಖಲೆಗಳನ್ನು ಪರಿಶೀಲಿಸಲಾಗುವುದು" ಅಂತ ಬರೆದ್ರೆ ಅದು ಯಾರ ಕೆಲಸವೂ ಅಲ್ಲ. ಖರೀದಿಯವರು ಅಕೌಂಟ್ಸ್ ನೋಡಿರ್ತಾರೆ ಅಂದ್ಕೊಳ್ತಾರೆ, ಅಕೌಂಟ್ಸ್‌ನವರು ಖರೀದಿಯವರು ನೋಡಿದ್ದಾರೆ ಅಂದ್ಕೊಳ್ತಾರೆ. ಇನ್ನೊಂದು, 'ಪರಿಶೀಲಿಸಿ' ಅಂದಾಗ ಯಾವುದನ್ನ ಯಾವುದರ ಜತೆ ಅಂತ ಹೇಳಿರಬೇಕು. ಮೂರನೇ ಹೆಜ್ಜೆ ನೋಡಿ. ಜಿಎಸ್‌ಟಿ ನಂಬರಲ್ಲಿ 15 ಅಕ್ಷರ ಇರುತ್ತೆ. ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಅವರ ಪ್ಯಾನ್. ಇಷ್ಟು ಬರೆದಿಟ್ರೆ ನಿನ್ನೆ ಸೇರಿದ ಹುಡುಗನೂ ಎರಡು ಕಾಗದ ಪಕ್ಕಪಕ್ಕ ಇಟ್ಟು ಹೋಲಿಸಬಹುದು, ಅನುಭವ ಬೇಕಿಲ್ಲ.

ಈಗ ನಾಲ್ಕನೇ ಹೆಜ್ಜೆಗೆ ಬರೋಣ. ನನ್ನ ಪ್ರಕಾರ ಈ ಎಸ್‌ಒಪಿಯ ಜೀವ ಇರೋದೇ ಇಲ್ಲಿ. ತುಂಬಾ ಜನಕ್ಕೆ ಗೊತ್ತಿಲ್ಲದ ಸಂಗತಿ ಏನಂದ್ರೆ, ನೆಫ್ಟ್‌ನಲ್ಲಿ ದುಡ್ಡು ಹೋಗೋದು ಖಾತೆ ನಂಬರ್ ನೋಡಿ. ಹೆಸರಿನ ಜಾಗದಲ್ಲಿ ನೀವು ಏನು ಟೈಪ್ ಮಾಡಿದ್ದೀರಿ ಅನ್ನೋದನ್ನ ಹೋಲಿಸಿಯೇ ಜಮಾ ಮಾಡಬೇಕು ಅಂತೇನಿಲ್ಲ. ಅಂದ್ರೆ ಸಪ್ಲೈಯರ್ ಹೆಸರು ಸರಿಯಾಗೇ ಇದ್ದು, ಒಂದು ಅಂಕಿ ತಪ್ಪಿ ಅದು ಇನ್ನೊಬ್ಬರ ಖಾತೆ ಆಗಿಬಿಟ್ರೆ, 1,80,000 ಅಲ್ಲಿಗೇ ಹೋಗುತ್ತೆ. ಅದಕ್ಕೇ ಮೊದಲು ಒಂದು ರೂಪಾಯಿ. ಇದಕ್ಕೆ ಪೆನ್ನಿ ಡ್ರಾಪ್ ಅಂತಾರೆ. ಬ್ಯಾಂಕಿನಲ್ಲಿ ನಿಜವಾಗಿ ದಾಖಲಾಗಿರೋ ಹೆಸರು ವಾಪಸ್ ಬರುತ್ತೆ.

ಸರಿ, ಹೆಸರು ಬಂತು. ನಮ್ಮ ಪೆಟ್ಟಿಗೆ ಸಪ್ಲೈಯರ್ ವಿಷಯದಲ್ಲಿ ಏನಾಗುತ್ತೆ ಗೊತ್ತಾ? ಬಿಲ್ಲಿನ ಮೇಲೆ ಅಂಗಡಿ ಹೆಸರು, ಬ್ಯಾಂಕ್ ತೋರಿಸಿದ್ದು ಯಜಮಾನರ ಹೆಸರು. ಎರಡೂ ಬೇರೆ! ಇಲ್ಲಿ ಹೊಸಬರು ಮಾಡೋದು ಎರಡೇ: ಗಾಬರಿಯಾಗಿ ನಿಲ್ಲಿಸ್ತಾರೆ, ಇಲ್ಲಾ "ಇರಲಿ ಬಿಡು" ಅಂತ ಮುಂದೆ ಹೋಗ್ತಾರೆ. ಎರಡೂ ಬೇಡ. ಒಬ್ಬರೇ ಮಾಲೀಕರಿರೋ ವ್ಯವಹಾರದಲ್ಲಿ ಪ್ಯಾನ್ ಇರೋದು ಆ ವ್ಯಕ್ತಿಯ ಹೆಸರಲ್ಲೇ, ಪ್ಯಾನಿನ ನಾಲ್ಕನೇ ಅಕ್ಷರ P ಆಗಿರುತ್ತೆ. ಕಂಪನಿ ಆಗಿದ್ರೆ C, ಪಾರ್ಟ್ನರ್‌ಶಿಪ್ ಆಗಿದ್ರೆ F. ಜಿಎಸ್‌ಟಿ ಪೋರ್ಟಲ್‌ನಲ್ಲಿ Legal Name ಮತ್ತು Trade Name ಎರಡೂ ಕಾಣುತ್ತೆ. ಹಾಗಾಗಿ ನಾಲ್ಕನೇ ಹೆಜ್ಜೆಯ ಕೆಳಗೆ ಹೀಗೆ ಸೇರಿಸಿ: "ಬ್ಯಾಂಕ್ ತೋರಿಸಿದ ಹೆಸರು ಈ ಎರಡರಲ್ಲಿ ಒಂದಕ್ಕೆ ಹೊಂದಿದರೆ ಮುಂದೆ ಹೋಗಿ. ಎರಡಕ್ಕೂ ಹೊಂದದಿದ್ದರೆ ನಿಲ್ಲಿಸಿ, ಮ್ಯಾನೇಜರ್‌ಗೆ ಕೊಡಿ." ಅಣ್ಣನ ಖಾತೆ, ಹೆಂಡತಿಯ ಖಾತೆ ಕೊಟ್ಟಿರೋ ಪ್ರಕರಣಗಳು ಇಲ್ಲೇ ಸಿಕ್ಕಿಬೀಳೋದು.

ಆದ್ರೆ ಪೆನ್ನಿ ಡ್ರಾಪ್‌ಗೂ ಮಿತಿ ಇದೆ. ಯಾರೋ ಅದೇ ಹೆಸರಲ್ಲಿ ಖಾತೆ ತೆರೆದು ವಂಚನೆ ಮಾಡಿದ್ರೆ ಹೆಸರು ಹೊಂದಿಬಿಡುತ್ತೆ. ಐದನೇ ಹೆಜ್ಜೆಯ ಫೋನ್ ಕರೆ ಅದಕ್ಕೇ. ಕಳ್ಳ ಕಳಿಸಿದ ಇಮೇಲ್‌ನಲ್ಲಿರೋ ನಂಬರಿಗೆ ಫೋನ್ ಮಾಡಿದ್ರೆ ಎತ್ತೋದು ಕಳ್ಳನೇ ಅಲ್ವಾ? ಖರೀದಿಯವರು ಅಂಗಡಿಗೆ ಹೋಗಿದ್ದಾಗ ತಂದ ವಿಸಿಟಿಂಗ್ ಕಾರ್ಡ್‌ನ ನಂಬರ್ ಬಳಸಿ. ಮತ್ತೆ, "ಕೊನೆಗೆ 4471 ತಾನೇ?" ಅಂತ ಕೇಳಬೇಡಿ. ಜನ ಯೋಚನೆ ಮಾಡದೆ "ಹೂಂ" ಅಂದುಬಿಡ್ತಾರೆ. ಅವರೇ ಹೇಳಬೇಕು.

ಆರನೇ ಹೆಜ್ಜೆಯ ಗಡುವು ಸಪ್ಲೈಯರ್ ಕಡೆಯ ಹೊಟ್ಟೆಪಾಡಿನ ವಿಷಯ. ಅವರು ಉದ್ಯಮ್‌ನಲ್ಲಿ ಸೂಕ್ಷ್ಮ ಅಥವಾ ಸಣ್ಣ ತಯಾರಕರಾಗಿ ನೋಂದಣಿ ಮಾಡಿಸಿದ್ರೆ, 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ಲೆಡ್ಜರ್‌ನಲ್ಲಿ ಎಲ್ಲರಿಗೂ ಅಭ್ಯಾಸಬಲದಿಂದ 60 ದಿನ ಅಂತ ಹಾಕಿಬಿಟ್ರೆ, ಕಾಯ್ದೆ ಮುರಿಯೋದು ಮೊದಲ ದಿನವೇ ನಿಗದಿಯಾದ ಹಾಗೆ. ಹೆಜ್ಜೆಯಲ್ಲಿ 15 ಮತ್ತು 45 ಅನ್ನೋ ಅಂಕಿಗಳನ್ನೇ ಬರೆದಿಡಿ.

ಬರೆದಾದ ಮೇಲೆ ಪರೀಕ್ಷೆ ಸುಲಭ. ಈ ಕೆಲಸ ಯಾವತ್ತೂ ಮಾಡದ ಒಬ್ಬರಿಗೆ ಕಾಗದ ಕೊಟ್ಟು, ಪಕ್ಕದಲ್ಲಿ ಬಾಯಿಮುಚ್ಚಿ ಕೂತ್ಕೊಳ್ಳಿ. ಇದು ಹೇಳಿದಷ್ಟು ಸುಲಭ ಅಲ್ಲ, ಬಾಯಿ ತುರಿಸುತ್ತೆ. ಅವರು ತಲೆ ಎತ್ತಿ ನಿಮ್ಮ ಮುಖ ನೋಡಿದ ಪ್ರತಿ ಜಾಗದಲ್ಲೂ ಒಂದು ವಾಕ್ಯ ಬಿಟ್ಟುಹೋಗಿದೆ, ಅಲ್ಲಿ ಗುರುತು ಹಾಕಿ.

ಹಾಳೆಯ ತಲೆಯಲ್ಲಿ ಆವೃತ್ತಿ ಸಂಖ್ಯೆ, ದಿನಾಂಕ, ಇದನ್ನು ತಿದ್ದುವ ಅಧಿಕಾರ ಯಾರದು ಅನ್ನೋದು ಇರಲಿ. ಕೊನೇ ಸಾಲಲ್ಲಿ ಇದನ್ನೂ ಸೇರಿಸಿ: "ಹಳೇ ವೆಂಡರ್ ಬ್ಯಾಂಕ್ ಖಾತೆ ಬದಲಾಯಿಸಿದೆ ಅಂತ ತಿಳಿಸಿದರೆ, ಹೊಸ ಚೆಕ್ಕು ತರಿಸಿ 4, 5 ಮತ್ತು 7ನೇ ಹೆಜ್ಜೆಗಳನ್ನು ಮತ್ತೆ ಮಾಡಿ." ಹತ್ತು ವರ್ಷದ ಪರಿಚಯ ಇದ್ರೂ ಅಷ್ಟೇ, ಫೋನ್ ಹೋಗಬೇಕಾದದ್ದು ಫೈಲಿನಲ್ಲಿರೋ ಹಳೇ ನಂಬರಿಗೇ.