ಎರಡೂ ‘ಎಂ’ ಸೈಜೇ, ಒಂದು ಬಿಗಿ, ಇನ್ನೊಂದು ದೊಗಳೆ!

ಆನ್‌ಲೈನ್‌ನಲ್ಲಿ ಎರಡು ಕಂಪನಿಗಳ ಕುರ್ತಾ ತರಿಸುತ್ತೀರಿ. ಎರಡರ ಮೇಲೂ ‘ಎಂ’ ಅಂತಲೇ ಇದೆ, ಎರಡರ ಸೈಜ್ ಚಾರ್ಟ್‌ನಲ್ಲೂ ಎದೆಯಳತೆ 38 ಇಂಚು. ಆದರೆ ಒಂದು ದೊಗಳೆ, ಇನ್ನೊಂದು ತೋಳೆತ್ತಿದರೆ ಹಿಡಿಯುತ್ತದೆ. ‘ನಾನೇ ದಪ್ಪ ಆದ್ನಾ?’ ಅಂತ ಚಿಂತೆ ಬೇಡ. ಆ ಎರಡು 38 ಬೇರೆ ಬೇರೆ ಅಳತೆಗಳು!

ಮೈಯಳತೆಗೆ ಸರಿಸಮನಾಗಿ ಬಟ್ಟೆ ಹೊಲಿದರೆ ಕೂರೋಕೆ, ಬಗ್ಗೋಕೆ ಆಗೋದಿಲ್ಲ. ಅದಕ್ಕೇ ಟೈಲರ್ ‘ಎಷ್ಟು ಲೂಸ್ ಬಿಡಲಿ?’ ಅಂತ ಕೇಳೋದು. ಫ್ಯಾಷನ್ ಭಾಷೆಯಲ್ಲಿ ಇದೇ ‘ಈಸ್’. ಹಿಗ್ಗದ ಕಾಟನ್ ಕುರ್ತಾಗೆ ಎದೆಯ ಸುತ್ತ ಎರಡರಿಂದ ನಾಲ್ಕು ಇಂಚು ಸಾಮಾನ್ಯ. ಲೆಗ್ಗಿಂಗ್ಸ್‌ನಂಥ ಹಿಗ್ಗುವ ಬಟ್ಟೆಯನ್ನು ಮೈಯಳತೆಗಿಂತ ಚಿಕ್ಕದಾಗಿಯೇ ಹೊಲಿದಿರುತ್ತಾರೆ.

ನಿಮ್ಮ ಎದೆಯಳತೆ 36 ಇಂಚು ಅಂದುಕೊಳ್ಳಿ. ಮೊದಲ ಕಂಪನಿಯ 38 ಎಂದರೆ ಧರಿಸುವವರ ಮೈಯಳತೆ. ಅದಕ್ಕೆ ಮೂರು ಇಂಚು ಲೂಸ್ ಸೇರಿಸಿ, ಕುರ್ತಾವನ್ನು 41 ಇಂಚಿಗೆ ಹೊಲಿದಿದ್ದಾರೆ. ನಿಮಗೆ ಐದು ಇಂಚು ಸಡಿಲ. ಎರಡನೆಯದರ 38 ಎಂದರೆ ಕುರ್ತಾದ್ದೇ ಅಳತೆ. ನಿಮಗೆ ಸಿಗುವ ಲೂಸ್ ಎರಡೇ ಇಂಚು. ಹಾಗಾಗಿ ಚಾರ್ಟ್ ನೋಡುವಾಗ ಅದು ಮೈಯಳತೆಯೋ, ಬಟ್ಟೆಯಳತೆಯೋ ಅಂತ ಮೊದಲು ಹುಡುಕಿ. ‘ಬಾಡಿ’ ಅಥವಾ ‘ಟು ಫಿಟ್’ ಎಂದಿದ್ದರೆ ಮೈಯದು, ‘ಗಾರ್ಮೆಂಟ್’ ಎಂದಿದ್ದರೆ ಬಟ್ಟೆಯದು.

ಇನ್ನೊಂದು ಕಾರಣ ಗ್ರಾಹಕರನ್ನು ಖುಷಿಪಡಿಸುವ ಉಪಾಯ. ದೊಡ್ಡ ಬಟ್ಟೆಗೆ ಚಿಕ್ಕ ನಂಬರ್ ಹಾಕಿದರೆ ‘ಅಬ್ಬಾ, ಸಣ್ಣ ಆಗಿದೀನಿ’ ಅನಿಸುತ್ತದಲ್ಲ! ಇದಕ್ಕೆ ‘ವ್ಯಾನಿಟಿ ಸೈಜಿಂಗ್’ ಅಂತಾರೆ. ಅಮೆರಿಕದಲ್ಲಿ 1958ರ ಸರ್ಕಾರಿ ಮಾನದಂಡದ ಪ್ರಕಾರ ಮಹಿಳೆಯರ 8ನೇ ಸೈಜ್ ಎಂದರೆ ಎದೆಯಳತೆ 31 ಇಂಚು. ಕಂಪನಿಗಳು ಅದನ್ನು ಪಾಲಿಸಲೇಬೇಕೆಂದಿರಲಿಲ್ಲ, 1983ರಲ್ಲಿ ಅದನ್ನು ಕೈಬಿಡಲಾಯಿತು. ಇಂದು ಅಲ್ಲಿನ ಎಷ್ಟೋ ಬ್ರ್ಯಾಂಡ್‌ಗಳ 8ನೇ ಸೈಜ್ 36 ಇಂಚಿನ ಆಸುಪಾಸು! ನಂಬರ್ ಅದೇ, ಬಟ್ಟೆ ಮಾತ್ರ ಬೆಳೆದಿದೆ.

ಜೀನ್ಸ್‌ನಲ್ಲೂ 30 ಎಂದು ಬರೆದದ್ದಕ್ಕೆ ಟೇಪ್ ಹಿಡಿದರೆ 32 ಬರುವುದುಂಟು. ಆದರೆ ಅದೆಲ್ಲ ಪುಸಲಾವಣೆಯೇ ಅಲ್ಲ. ಲೋ ವೇಸ್ಟ್ ಜೀನ್ಸ್ ಸೊಂಟಕ್ಕಿಂತ ಕೆಳಗೆ ಕೂರುತ್ತದೆ, ಅಲ್ಲಿ ಮೈಸುತ್ತಳತೆಯೇ ಹೆಚ್ಚು.

ಹಾಗಾದರೆ ಏನು ಮಾಡೋದು? ನಿಮಗೆ ಚೆನ್ನಾಗಿ ಕೂರುವ ಕುರ್ತಾವನ್ನು ಮಂಚದ ಮೇಲೆ ಸುಕ್ಕಿಲ್ಲದೆ ಹರಡಿ. ಒಂದು ಕಂಕುಳ ಹೊಲಿಗೆಯಿಂದ ಇನ್ನೊಂದಕ್ಕೆ ಟೇಪ್ ಹಿಡಿಯಿರಿ. ಹತ್ತೊಂಬತ್ತೂವರೆ ಬಂತೇ? ಎರಡರಿಂದ ಗುಣಿಸಿದರೆ 39. ‘ಗಾರ್ಮೆಂಟ್’ ಚಾರ್ಟ್‌ನಲ್ಲಿ 39ರ ಹತ್ತಿರದ ಸೈಜ್ ಆರಿಸಿ, ‘ಬಾಡಿ’ ಚಾರ್ಟ್‌ನಲ್ಲಿ ನಿಮ್ಮ ಮೈಯಳತೆ 36 ನೋಡಿ. ಹೋಲಿಸುವ ಕುರ್ತಾ ಅದೇ ಥರದ ಬಟ್ಟೆಯದ್ದಾಗಿರಲಿ. ಹಿಗ್ಗುವ ಬಟ್ಟೆಯ ಅಳತೆ ಕಾಟನ್‌ಗೆ ನಡೆಯೋಲ್ಲ. ಚಾರ್ಟ್ ಯಾವುದರದ್ದು ಅಂತ ಬರೆದೇ ಇಲ್ಲವಾದರೆ, ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ.