ಕಲ್ಲು ಕಂಡಷ್ಟು, ಕಿರಣ ಕಂಡಷ್ಟು

ಹಳೇ ಚಿನ್ನ ಮಾರಲು ಅಂಗಡಿಗೆ ಹೋದವರ ಮುಂದೆ ಇವತ್ತು ಒಂದು ಪರದೆ ಇರುತ್ತದೆ. ಸರವನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕುತ್ತಾರೆ. ಅರ್ಧ ಇಲ್ಲವೇ ಒಂದು ನಿಮಿಷದಲ್ಲಿ ಪರದೆಯ ಮೇಲೆ 91.62 ಎಂದು ಬರುತ್ತದೆ. ದಶಮಾಂಶದ ನಂತರ ಎರಡು ಅಂಕಿ ಕಂಡ ಮೇಲೆ ವಾದ ಮಾಡುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಆ ಕೊನೆಯ ಎರಡು ಅಂಕಿಗಳನ್ನು ಎಷ್ಟು ನಂಬಬಹುದು ಎಂಬುದು ಕೊಡುವವರಿಗೂ ಕೊಳ್ಳುವವರಿಗೂ ಗೊತ್ತಿರಬೇಕಾದ ಸಂಗತಿ. ಅದರ ಮೇಲೆ ಸಾವಿರಾರು ರೂಪಾಯಿ ನಿಂತಿರುತ್ತದೆ.

ಈ ಯಂತ್ರ ಬರುವ ಮೊದಲು ಇದ್ದದ್ದು ಒರೆಗಲ್ಲು, ನಯವಾದ ಗಟ್ಟಿ ಕಪ್ಪು ಕಲ್ಲು. ಅಕ್ಕಸಾಲಿಗರು ಒಡವೆಯನ್ನು ಅದರ ಮೇಲೆ ಉಜ್ಜಿ ಗೆರೆ ಎಳೆಯುತ್ತಾರೆ. ಪಕ್ಕದಲ್ಲಿ, ಶುದ್ಧತೆ ಮೊದಲೇ ಗೊತ್ತಿರುವ ಮಾದರಿ ಕಡ್ಡಿಗಳಿಂದ ಒಂದೊಂದು ಗೆರೆ ಎಳೆದು ಬಣ್ಣ ಹೋಲಿಸುತ್ತಾರೆ. ಕಲ್ಲಿನ ಆಯ್ಕೆಯಲ್ಲೇ ಪಕ್ಷಪಾತ ನುಸುಳಬಹುದು ಎಂಬುದು ಹಳೆಯವರಿಗೆ ತಿಳಿದಿತ್ತು. ಕೌಟಿಲ್ಯನ ಅರ್ಥಶಾಸ್ತ್ರ ಒಳ್ಳೆಯ ಒರೆಗಲ್ಲು ಯಾವುದೆಂದು ಹೇಳಿ ಸುಮ್ಮನಾಗುವುದಿಲ್ಲ, ಮಾರುವವನಿಗೆ ಅನುಕೂಲವಾಗುವ ಕಲ್ಲು ಯಾವುದು, ಕೊಳ್ಳುವವನಿಗೆ ಅನುಕೂಲವಾಗುವ ಕಲ್ಲು ಯಾವುದು ಎಂದೂ ಬೇರೆಬೇರೆಯಾಗಿ ಹೇಳುತ್ತದೆ.

ಬಣ್ಣ ಮಾತ್ರ ನೋಡಿದರೆ ಮೋಸ ಹೋಗುವುದು ಸುಲಭ. ಇಪ್ಪತ್ತೆರಡು ಕ್ಯಾರೆಟ್ ಚಿನ್ನಕ್ಕೆ ಬರೀ ತಾಮ್ರ ಬೆರೆಸಿದರೆ ಕೆಂಪಗೆ ಕಾಣುತ್ತದೆ, ಬರೀ ಬೆಳ್ಳಿ ಬೆರೆಸಿದರೆ ತಿಳಿಹಳದಿ. ಎರಡರಲ್ಲೂ ಚಿನ್ನ ಇರುವುದು ಅಷ್ಟೇ. ಆದ್ದರಿಂದಲೇ ಆಮ್ಲ ಬೇಕಾಯಿತು. ನೈಟ್ರಿಕ್ ಆಮ್ಲ ತಾಮ್ರವನ್ನೂ ಬೆಳ್ಳಿಯನ್ನೂ ಕರಗಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಹಿತ್ತಾಳೆಯ ಗೆರೆಯ ಮೇಲೆ ಒಂದು ತೊಟ್ಟು ಬಿಟ್ಟರೆ ಗೆರೆ ನೊರೆಯೆದ್ದು ಮಾಯವಾಗುತ್ತದೆ. ಹೆಚ್ಚು ಕ್ಯಾರೆಟ್‌ನ ಚಿನ್ನವನ್ನು ಅಳೆಯಲು ಇದಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಹದವಾಗಿ ಸೇರಿಸುತ್ತಾರೆ, ಏಕೆಂದರೆ ಇವೆರಡೂ ಕೂಡಿದರೆ ಚಿನ್ನವೂ ಕರಗುತ್ತದೆ. ಆಗ ನೋಡಬೇಕಾದದ್ದು ಯಾವ ಗೆರೆ ಮೊದಲು ಮಂಕಾಗುತ್ತದೆ ಎಂಬುದನ್ನು. ಒಡವೆಯ ಗೆರೆ 22 ಕ್ಯಾರೆಟ್ ಕಡ್ಡಿಯ ಗೆರೆಗಿಂತ ಬೇಗ ಅಳಿಸಿದರೆ ಅದರಲ್ಲಿ ಚಿನ್ನ ಕಡಿಮೆ.

ಪಳಗಿದ ಕೈಯಲ್ಲಿ ಈ ವಿಧಾನದ ತಪ್ಪು ಶೇಕಡಾ ಒಂದರಿಂದ ಎರಡರ ಒಳಗೆ ನಿಲ್ಲುತ್ತದೆ. ಒಂದು ಕ್ಯಾರೆಟ್ ಎಂದರೆ ಶೇಕಡಾ 4.17. ಹಾಗಾಗಿ ಒರೆಗಲ್ಲು 18 ಮತ್ತು 22 ಕ್ಯಾರೆಟ್‌ಗಳನ್ನು ನಿಸ್ಸಂದೇಹವಾಗಿ ಬೇರ್ಪಡಿಸುತ್ತದೆ, ಆದರೆ 91.6 ಮತ್ತು 91.0ರ ನಡುವಿನ ವ್ಯತ್ಯಾಸವನ್ನು ಹೇಳಲಾರದು. ಶುದ್ಧತೆ ಹೆಚ್ಚಿದಷ್ಟೂ ಕಣ್ಣಿಗೆ ಕಷ್ಟ. ಬಾಟಲಿಯಲ್ಲಿ ಹಳತಾದ ಆಮ್ಲದ ಕಸುವು ತಗ್ಗಿದರಂತೂ ಲೆಕ್ಕವೇ ತಪ್ಪುತ್ತದೆ.

ಇನ್ನು ಯಂತ್ರ. ಅದರ ಎಕ್ಸ್‌-ರೇ ಕಿರಣ ಲೋಹದ ಪರಮಾಣುವಿನ ಒಳಗಿನ ಒಂದು ಎಲೆಕ್ಟ್ರಾನನ್ನು ಹೊರದಬ್ಬುತ್ತದೆ. ಖಾಲಿಯಾದ ಜಾಗಕ್ಕೆ ಹೊರಗಿನ ಎಲೆಕ್ಟ್ರಾನ್ ಇಳಿಯುವಾಗ ಆ ಲೋಹಕ್ಕೇ ವಿಶಿಷ್ಟವಾದ ಶಕ್ತಿಯ ಕಿರಣ ಹೊಮ್ಮುತ್ತದೆ. ಚಿನ್ನದ್ದು ಒಂದು, ತಾಮ್ರದ್ದು ಇನ್ನೊಂದು. ಯಂತ್ರ ಅವನ್ನು ಎಣಿಸಿ ಶೇಕಡಾವಾರು ಲೆಕ್ಕ ಕೊಡುತ್ತದೆ. ಎಣಿಕೆ ಅಂದ ಮೇಲೆ ಏರುಪೇರು ಇದ್ದೇ ಇರುತ್ತದೆ, ಹೆಚ್ಚು ಹೊತ್ತು ಎಣಿಸಿದರೆ ಅದು ಕಡಿಮೆಯಾಗುತ್ತದೆ. ಈ ಏರುಪೇರನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಟ್ಟು ಸಮಯ ಬೇಕು. ಹದಿನೈದು ಸೆಕೆಂಡಿನಲ್ಲಿ ಮುಗಿಸಿದ ಪರೀಕ್ಷೆಗೂ ಅರವತ್ತು ಸೆಕೆಂಡಿನ ಪರೀಕ್ಷೆಗೂ ಇರುವ ಅಂತರ ಇದು. ಮಾದರಿ ತುಂಡುಗಳಿಟ್ಟು ಸರಿಹೊಂದಿಸಿದ ಯಂತ್ರದ ತಪ್ಪು ಅಂಗಡಿಯ ಬಳಕೆಯಲ್ಲಿ ಸಾಮಾನ್ಯವಾಗಿ ಶೇಕಡಾ 0.1ರಿಂದ 0.5. ಒರೆಗಲ್ಲಿಗಿಂತ ಎಷ್ಟೋ ಮೇಲು. ಆದರೂ 91.62ರಲ್ಲಿ ಕೊನೆಯ ಅಂಕಿಗೆ ಅರ್ಥವೇ ಇಲ್ಲ, ಅದರ ಹಿಂದಿನದ್ದನ್ನೂ ಎಚ್ಚರದಿಂದ ನೋಡಬೇಕು.

ಇದಕ್ಕಿಂತ ದೊಡ್ಡ ಮಿತಿ ಆಳದ್ದು. ಚಿನ್ನ ತೀರಾ ಸಾಂದ್ರ ಲೋಹವಾದ್ದರಿಂದ ಯಂತ್ರಕ್ಕೆ ಕಾಣುವುದು ಮೇಲಿನ ಹತ್ತು ಮೈಕ್ರಾನ್‌ನಷ್ಟು ಪದರ ಮಾತ್ರ, ಅಂದರೆ ತಲೆಕೂದಲಿನ ದಪ್ಪದ ಒಂದು ಚೂರು. ಅದೂ ಒಂದೆರಡು ಮಿಲಿಮೀಟರ್ ಅಗಲದ ಜಾಗದಲ್ಲಿ. ದಪ್ಪ ಚಿನ್ನದ ಲೇಪ ಹಾಕಿದ್ದರೆ ಒಳಗೆ ಏನಿದೆ ಎಂದು ಅದಕ್ಕೆ ತಿಳಿಯುವುದಿಲ್ಲ. ಮೋಸದ ಉದ್ದೇಶವೇ ಇಲ್ಲದಿದ್ದರೂ ಮೇಲ್ಮೈ ಸುಳ್ಳು ಹೇಳಬಹುದು. ಒಡವೆಗೆ ಬೆಳಕು ಬರಲೆಂದು ಆಮ್ಲದಲ್ಲಿ ಅದ್ದಿದಾಗ ಮೇಲಿನ ತಾಮ್ರ ಕರಗಿ, ಹೊರಮೈ ಒಳಗಿಗಿಂತ ಶುದ್ಧವಾಗಿಬಿಡುತ್ತದೆ.

ಯಂತ್ರದ ಇನ್ನೊಂದು ತೊಡಕು ಇರಿಡಿಯಂ. ಅಗ್ಗದ ಯಂತ್ರಗಳಲ್ಲಿರುವ ಹಳೇ ಮಾದರಿಯ ಗ್ರಾಹಕ ಹತ್ತಿರಹತ್ತಿರದ ಶಕ್ತಿಗಳನ್ನು ಬಿಡಿಸಿ ನೋಡಲಾರದು. ಇರಿಡಿಯಂ ಹೊಮ್ಮಿಸುವ ಮುಖ್ಯ ಕಿರಣದ ಶಕ್ತಿ ಚಿನ್ನದ ಕಿರಣದ ಪಕ್ಕದಲ್ಲೇ ಇದೆ. ಹೀಗಾಗಿ ಕಲಬೆರಕೆಯಾಗಿ ಸೇರಿಸಿದ ಇರಿಡಿಯಂ ಪುಡಿಯನ್ನು ಅಂಥ ಯಂತ್ರ ಚಿನ್ನದ ಲೆಕ್ಕಕ್ಕೇ ಸೇರಿಸುವ ಅಪಾಯವಿದೆ. ತೂಕ ಹೋಲಿಸಿಯೂ ಸುಳಿವು ಸಿಗದು, ಅದು ಚಿನ್ನಕ್ಕಿಂತ ಭಾರ. ಸಿಲಿಕಾನ್ ಡ್ರಿಫ್ಟ್ ಗ್ರಾಹಕವಿರುವ ಯಂತ್ರ ಇವೆರಡನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ನಿಮ್ಮ ಅಂಗಡಿಯವರ ಬಳಿ ಯಾವುದಿದೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಹಳೇ ಸರ 24 ಗ್ರಾಂ, ಅಪರಂಜಿಯ ಬೆಲೆ ಗ್ರಾಂಗೆ ಲೆಕ್ಕಕ್ಕೆಂದು 10,000 ರೂಪಾಯಿ. ಯಂತ್ರದಲ್ಲಿ ಎರಡು ಕೊಂಡಿಗಳು 91.5, 91.7 ತೋರಿಸಿದವು, ಕೊಕ್ಕೆಯ ಹತ್ತಿರ 88.9 ಬಂತು. ಅದು ಬೆಸುಗೆಯ ಜಾಗ. ಬೆಸುಗೆ ಬೇಗ ಕರಗಬೇಕಾದ್ದರಿಂದ ಅದರಲ್ಲಿ ಬೇರೆ ಲೋಹ ಹೆಚ್ಚಿರುತ್ತದೆ. ಸಣ್ಣ ಕೊಂಡಿಗಳ ಸರದಲ್ಲಿ ಇಂಥ ಬೆಸುಗೆಗಳು ನೂರಾರು. ಸರವನ್ನು ಮೂಸೆಯಲ್ಲಿ ಕರಗಿಸಿ, ಚೆನ್ನಾಗಿ ಕಲಕಿ ಗಟ್ಟಿ ಮಾಡಿ ನೋಡಿದಾಗ 90.6 ಎಂದು ಬಂತು ಎನ್ನೋಣ. ಕೊಂಡಿಯ 91.7ಕ್ಕೂ ಇದಕ್ಕೂ ಇರುವ ಶೇಕಡಾ 1.1ರ ವ್ಯತ್ಯಾಸ 0.26 ಗ್ರಾಂ, ಸುಮಾರು 2,600 ರೂಪಾಯಿ. ಕರಗಿಸಿದ ಮೇಲಿನ ಅಂಕಿಯೇ ಇಡೀ ಸರದ್ದು. ಯಂತ್ರದ ತಪ್ಪು ಶೇಕಡಾ 0.3 ಎಂದಿಟ್ಟುಕೊಂಡರೆ ಆ ಅಂಕಿಯಲ್ಲೂ ಅತ್ತಿತ್ತ 720 ರೂಪಾಯಿಯ ಅನಿಶ್ಚಿತತೆ ಉಳಿಯುತ್ತದೆ. ಒರೆಗಲ್ಲಿನಲ್ಲಿ, ಶೇಕಡಾ ಒಂದೂವರೆ ಎಂದರೆ, 3,600. ಒಂದೇ ಕಡೆ ಕಿರಣ ಬಿಟ್ಟು, ಅದೂ ಕೊಕ್ಕೆಯ ಬಳಿ, 88.9 ಎಂದು ಬೆಲೆ ಕಟ್ಟಿದರೆ ನಷ್ಟ ನಿಮ್ಮದು. ಅದಕ್ಕೇ ಕನಿಷ್ಠ ಮೂರು ಕಡೆ ನೋಡಿಸಿ, ಕರಗಿಸುವುದಾದರೆ ಎದುರಿಗೇ ಕರಗಿಸಲು ಹೇಳಿ, ಕರಗಿಸುವ ಮೊದಲಿನ ಮತ್ತು ನಂತರದ ತೂಕ ಬರೆದುಕೊಳ್ಳಿ.

ವಿವಾದವೇ ಎದ್ದರೆ ಕಲ್ಲಾಗಲೀ ಕಿರಣವಾಗಲೀ ಕೊನೆಯ ಮಾತಲ್ಲ, ಬೆಂಕಿಯ ಪರೀಕ್ಷೆ ಕೊನೆಯದು. ಒಡವೆಯಿಂದ ಸ್ವಲ್ಪ ಚೂರು ತೆಗೆದು ನಿಖರವಾಗಿ ತೂಗಿ, ಬೆಳ್ಳಿ ಸೇರಿಸಿ ಸೀಸದ ಹಾಳೆಯಲ್ಲಿ ಸುತ್ತಿ, ರಂಧ್ರಗಳಿರುವ ಪುಟ್ಟ ಬಟ್ಟಲಿನಲ್ಲಿಟ್ಟು ಕುಲುಮೆಯಲ್ಲಿ ಕಾಯಿಸುತ್ತಾರೆ. ಸೀಸ ತಾಮ್ರವನ್ನು ಎಳೆದುಕೊಂಡು ಬಟ್ಟಲಿಗೆ ಇಂಗಿಹೋಗುತ್ತದೆ. ಉಳಿದ ಗುಂಡಿನಿಂದ ಬೆಳ್ಳಿಯನ್ನು ನೈಟ್ರಿಕ್ ಆಮ್ಲ ತೆಗೆಯುತ್ತದೆ. ಕೊನೆಗೆ ಉಳಿದದ್ದು ಚಿನ್ನ, ಅದನ್ನು ಮತ್ತೆ ತೂಗುತ್ತಾರೆ. ಸರಿಯಾಗಿ ಮಾಡಿದರೆ ಇದರ ತಪ್ಪು ಸಾವಿರಕ್ಕೆ ಅರ್ಧ ಭಾಗವನ್ನೂ ಮೀರುವುದಿಲ್ಲ. ತೆಗೆದ ಚೂರು ಮಾತ್ರ ಒಡವೆಗೆ ಮರಳಿ ಸೇರುವುದಿಲ್ಲ.

ಭಾರತೀಯ ಮಾನಕ ಬ್ಯೂರೋ ಮಾನ್ಯ ಮಾಡಿದ ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿ ಸಾಮಾನ್ಯ ಗ್ರಾಹಕರೂ ಶುಲ್ಕ ಕೊಟ್ಟು ಒಡವೆ ಪರೀಕ್ಷಿಸಿಕೊಳ್ಳಬಹುದು. 2021ರ ಜುಲೈಯಿಂದ ಹಾಲ್‌ಮಾರ್ಕ್ ಆದ ಒಡವೆಗಳ ಮೇಲೆ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರುತ್ತದೆ, ಅದನ್ನು ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ವಿವರ ನೋಡಬಹುದು. ಹಾಲ್‌ಮಾರ್ಕ್‌ನಲ್ಲಿ ಬರೆದಷ್ಟು ಶುದ್ಧತೆ ಒಡವೆಯಲ್ಲಿ ಇಲ್ಲವೆಂದು ಸಾಬೀತಾದರೆ, ಕೊರತೆಯಾದ ಶುದ್ಧತೆಯ ಮೌಲ್ಯದ ಎರಡು ಪಟ್ಟು ಹಣವನ್ನೂ ಪರೀಕ್ಷೆಯ ಶುಲ್ಕವನ್ನೂ ಕೊಳ್ಳುಗರಿಗೆ ಕೊಡಬೇಕೆಂದು 2018ರ ನಿಯಮ ಹೇಳುತ್ತದೆ. ಅದನ್ನು ಕೇಳಲು ಬಿಲ್ಲು ಬೇಕು, ಬಿಲ್ಲಿನಲ್ಲಿ ಒಡವೆಯ ತೂಕವೂ ಕ್ಯಾರೆಟ್ಟೂ ಬರೆದಿರಬೇಕು.