ಹೊಸಪೇಟೆಯ ಶನಿವಾರ, ನ್ಯೂಯಾರ್ಕಿನ ಶುಕ್ರವಾರ

ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ ಮೊದಲಾದ ವಿದೇಶೀ ವಿದ್ವಾಂಸರು 1980ರ ದಶಕದಲ್ಲಿ ಹಂಪೆಯ ಅವಶೇಷಗಳನ್ನು ಅಳೆದು ದಾಖಲಿಸಿದರು. ಇಂತಹ ಸಂಶೋಧಕರೊಬ್ಬರು ನ್ಯೂಯಾರ್ಕಿನಲ್ಲಿರುವರೆಂದೂ, ಹೊಸಪೇಟೆಯ ವಿದ್ಯಾರ್ಥಿಯೊಬ್ಬನು ಅವರಿಗೆ ಜನವರಿಯ ಶನಿವಾರ ಬೆಳಿಗ್ಗೆ 10 ಗಂಟೆಗೆ ಇ-ಮೇಲ್ ಕಳುಹಿಸಿದನೆಂದೂ ಭಾವಿಸೋಣ. ಚಳಿಗಾಲದಲ್ಲಿ ನಮ್ಮ ಗಡಿಯಾರವು ಹತ್ತೂವರೆ ಗಂಟೆ ಮುಂದಿರುವುದರಿಂದ ಅಲ್ಲಿ ಆಗ ಶುಕ್ರವಾರ ರಾತ್ರಿ 11-30. ಮುಂದಿನ ಎರಡು ದಿನ ರಜೆ. ಸೋಮವಾರ ಬೆಳಿಗ್ಗೆ 9ಕ್ಕೆ ಅವರು ಪತ್ರವನ್ನು ತೆರೆಯುವಾಗ ನಮ್ಮಲ್ಲಿ ರಾತ್ರಿ 7-30. ಐವತ್ತೇಳೂವರೆ ಗಂಟೆಗಳು ಕಳೆದಿರುತ್ತವೆ. ಈ ಮೌನವು ತಿರಸ್ಕಾರವಲ್ಲ, ಭೂಮಿಯ ಭ್ರಮಣ ಮತ್ತು ರಜೆಗಳ ಫಲ.

ಕುಶಲಪ್ರಶ್ನೆಯಿಂದ ಆರಂಭಿಸುವುದು ನಮ್ಮ ಪದ್ಧತಿ. ಅಲ್ಲಿನವರು ಸಾಮಾನ್ಯವಾಗಿ ಮೊದಲ ಸಾಲುಗಳಲ್ಲಿಯೇ ವಿಷಯವನ್ನು ಅರಸುತ್ತಾರೆ. ‘ಪ್ರೊಫೆಸರ್’ ಎಂಬುದರೊಡನೆ ಕುಲನಾಮವನ್ನು ಬರೆದು, ಒಂದೇ ಸ್ಪಷ್ಟ ಪ್ರಶ್ನೆಯನ್ನು ಕೇಳಿದರೆ ಸಾಕು. ‘ಸಾಧ್ಯವಿಲ್ಲ’ ಎಂದು ಒಂದೇ ಸಾಲಿನಲ್ಲಿ ಉತ್ತರ ಬಂದರೂ ಅದು ಒರಟುತನವಲ್ಲ. ವಾರ ಕಳೆದರೂ ಉತ್ತರ ಬಾರದಿದ್ದರೆ, ಮೊದಲಿನ ಪತ್ರವನ್ನು ಜೊತೆಗಿಟ್ಟು ಒಮ್ಮೆ ವಿನಯದಿಂದ ನೆನಪಿಸಬಹುದು.